ಪ್ಲಾಸ್ಟಿಕ್ಕಿನೊಳಗಿನ ಟಿಕೆಟ್

ಡೊಂಬಿವಲಿಯ ರಿಸರ್ವೇಶನ್ ಕಿಟಕಿಯಲ್ಲಿ ನಾನು ಬರೆದ ಒಂದೂವರೆ ಪುಟದ ಇಂಗ್ಲಿಷ್ ಅರ್ಜಿಯನ್ನು ಒಳಗಿದ್ದ ಹೆಂಗಸು ಓದಿ, “ಕಾಕಾ, ಪಿಎನ್‌ಆರ್‌ನಲ್ಲಿ ಹತ್ತು ಅಂಕಿ ಇರ್ತದೆ, ನೀವು ಹನ್ನೊಂದು ಬರೆದಿದ್ದೀರಿ” ಎಂದಳು. ಹಿಂದಿನ ಸಾಲು ನಕ್ಕಿತು. ಕನ್ನಡ ಸಂಘದಲ್ಲಿ ನನ್ನನ್ನು ಬರಹಗಾರ ಅನ್ನುತ್ತಾರೆ. ಸಾಲಿನವರಿಗೆ ಅದು ಗೊತ್ತಿರಲಿಲ್ಲ.

ತಪ್ಪು ಮುಂಡಪ್ಪನದು. ಸ್ಟೇಷನ್ನಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಮುಂಡಪ್ಪ ಕೈಗೆ ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಟ್ ಮಾಡುತ್ತಾನೆ. ರೇಶನ್ ಕಾರ್ಡು, ಮದುವೆಯ ಕಾಗದ, ಒಮ್ಮೆ ಮನೆಯ ಕರೆಂಟು ಬಿಲ್ಲು, ಅದೂ ಕಟ್ಟುವ ಮೊದಲೇ. ಮಳೆಗೆ ಗುಡ್ಡ ಜರಿದು ಉಡುಪಿಯ ಗಾಡಿ ರದ್ದಾದಾಗ ಅವನು ಟಿಕೆಟ್ಟನ್ನೂ ಅದರ ಪಕ್ಕಕ್ಕೆ ರಿಫಂಡ್ ನಿಯಮಗಳ ಪ್ರಿಂಟನ್ನೂ ಇಟ್ಟು, ಎರಡನ್ನೂ ಒಂದೇ ಹಾಳೆಯಾಗಿ ಲ್ಯಾಮಿನೇಟ್ ಮಾಡಿ, ಫೋಟೋ ತೆಗೆದು ವಾಟ್ಸಾಪ್ ಮಾಡಿದ: “ಅರ್ಜಿ ಬರೆದು ಕೊಡಿ ಮಾರಾಯ್ರೆ.” ಫೋಟೋದಲ್ಲಿ ನಂಬರಿನ ಮೇಲೆ ಟ್ಯೂಬ್‌ಲೈಟು ಹೊಳೆಯುತ್ತಿತ್ತು. ಉಳಿದದ್ದನ್ನು ನಾನು ಊಹಿಸಿದೆ.

ನಿಯಮ ಸ್ಪಷ್ಟವಾಗಿತ್ತು. ಗಾಡಿಯೇ ರದ್ದಾದರೆ ಪೂರ್ತಿ ಹಣ. ಆದರೆ ಕೌಂಟರಿನ ಟಿಕೆಟ್ಟಾದರೆ ಅಸಲನ್ನು ಮೂರು ದಿನದೊಳಗೆ ಒಪ್ಪಿಸಬೇಕು. ಇವತ್ತು ಮೂರನೇ ದಿನ. ಹಣ ಮುಂಡಪ್ಪನದಲ್ಲ, ಅವನ ಹೆಂಡತಿ ಮೋಹಿನಿ ಪಿಗ್ಮಿಯಲ್ಲಿ ಕೂಡಿಟ್ಟದ್ದು. ಅವಳೂ ಬಂದಿದ್ದಳು.

“ಅರ್ಜಿ ಬೇಡ, ಫಾರ್ಮ್ ತುಂಬಿ, ಅಸಲು ಟಿಕೆಟ್ ಕೊಡಿ” ಎಂದಳು ಕಿಟಕಿಯವಳು.

ಮುಂಡಪ್ಪ ಹಾಳೆಯನ್ನು ಒಳಗೆ ತಳ್ಳಿದ.

“ಯೇ ಕ್ಯಾ ಹೈ?”

“ಟಿಕೆಟ್. ಪಕ್ಕದಲ್ಲಿ ನಿಮ್ಮದೇ ನಿಯಮ.”

ಸೂಪರ್‌ವೈಸರ್ ಬಂದರು. ಪ್ಲಾಸ್ಟಿಕ್ ಬಿಡಿಸಿದರೆ ಅಕ್ಷರವೂ ಕಿತ್ತು ಬರುತ್ತದೆ, ಹೀಗೆಯೇ ತೆಗೆದುಕೊಂಡರೆ ಹಾಳಾದ ಟಿಕೆಟ್ ಅನ್ನಬೇಕಾಗುತ್ತದೆ ಎಂದು ತಲೆ ಕೆರೆದರು.

“ಹಾಳು ಎಂತದ್ದು? ಇಷ್ಟು ಗಟ್ಟಿ ಇದೆ” ಎಂದ ಮುಂಡಪ್ಪ.

“ನೀವು ಸುಮ್ಮನಿರಿ ಒಮ್ಮೆ” ಎನ್ನುತ್ತ ಮೋಹಿನಿ ಕಿಟಕಿಯೊಳಗೆ ಕೈ ಚಾಚಿ ನಿಯಮಗಳ ಕೊನೆಯ ಸಾಲಿಗೆ ಬೆರಳಿಟ್ಟಳು. ಹರಿದ, ಕೆಟ್ಟ ಟಿಕೆಟ್ಟಾದರೂ ಮೇಲಿನ ವಿವರ ಓದಲು ಬಂದು ಅಸಲು ಎಂದು ಖಾತ್ರಿಯಾದರೆ ಹಣ ಕೊಡಬಹುದು. ಅರ್ಜಿ ಬರೆದ ನಾನು ಅಲ್ಲಿಯವರೆಗೆ ಓದಿರಲಿಲ್ಲ.

ಸೂಪರ್‌ವೈಸರ್ ಕನ್ನಡಕ ಏರಿಸಿದರು. ಪ್ಲಾಸ್ಟಿಕ್ಕಿನ ಮೂಲಕ ಹತ್ತೂ ಅಂಕಿ ಕಂಡವು. ಕಂಪ್ಯೂಟರಿನಲ್ಲಿ ಹೆಸರುಗಳೂ ತಾಳೆಯಾದವು. ಕತ್ತರಿ ತರಿಸಿ ಟಿಕೆಟ್ಟನ್ನಷ್ಟೇ ಕತ್ತರಿಸಿ ಇಟ್ಟುಕೊಂಡರು. ಮೋಹಿನಿ ನೋಟುಗಳನ್ನು ಎಣಿಸಿ ಪರ್ಸಿಗೆ ಹಾಕಿ, ಜಿಪ್ ಎಳೆದು, ಗಂಡನ ಕಡೆ ನೋಡದೆ ಹೊರಗೆ ಹೋದಳು.

ತೂತು ಬಿದ್ದ ಹಾಳೆಯನ್ನು ಮುಂಡಪ್ಪ ಬೆಳಕಿಗೆ ಹಿಡಿದು ನೋಡುತ್ತಿದ್ದ.

“ಇನ್ನು ಅದನ್ನು ಎಂತ ಮಾಡ್ತಿ ಮಾರಾಯ?” ಎಂದೆ.

“ಅಂಚು ಬಿಟ್ಟಿದೆ, ಒಳಗೆ ನೀರು ಹೋಗ್ತದೆ” ಎಂದ. “ಇನ್ನೊಮ್ಮೆ ಲ್ಯಾಮಿನೇಟ್ ಮಾಡ್ಬೇಕು.”