ಡಾಕ್ಟರು ಹೇಳಿದ್ದರು, ನಾನು ಹೇಳಲಿಲ್ಲ

ಹೆಬ್ಬಾಳದ ಬಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ದುಭಾಷಿಯಾಗಿದ್ದೆ. ಕನ್ನಡ ಬಾರದ ಡಾಕ್ಟರು, ಇಂಗ್ಲಿಷ್ ಬಾರದ ರೋಗಿಗಳು; ನಡುವೆ ನಾನು. ಕೆಲಸದ ನಿಯಮ ಇಷ್ಟೇ: ಸೇರಿಸಬೇಡ, ಬಿಡಬೇಡ, ನೀನೇ ಉತ್ತರ ಕೊಡಬೇಡ. ಹೊಸಬರಿಗೆ ಇದನ್ನು ದೊಡ್ಡ ಪಂಡಿತೆಯಂತೆ ಬೋಧಿಸುತ್ತಿದ್ದವಳೂ ನಾನೇ.

ಆ ದಿನ ಯಲಹಂಕದ ಆಚೆಯ ಹಳ್ಳಿಯ ಹೆಂಗಸೊಬ್ಬರು ಡಾಕ್ಟರನ್ನು ಕಾಣಬೇಕಿತ್ತು. ಅವರ ಗಂಡನಿಗೆ ಲಿವರ್ ಕ್ಯಾನ್ಸರ್. ಮೇಲಿನ ವಾರ್ಡಿನಲ್ಲಿ ಮಲಗಿದ್ದರು. ಒಳಗೆ ಹೋಗುವ ಮುಂಚೆ ಆಕೆಯ ಮೈದುನ ನನ್ನನ್ನು ಲಿಫ್ಟಿನ ಬಳಿ ತಡೆದ.

"ಮೇಡಂ, ಕೆಟ್ಟದ್ದೇನಾದ್ರೂ ಇದ್ರೆ ನಮ್ಮತ್ತಿಗೆಗೆ ಏಳ್ಬೇಡಿ. ಎದೆ ಒಡ್ಕಂಬುಡ್ತಾರೆ."

ಇದನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕಿತ್ತು. ತಿಳಿಸಿದ್ದರೆ, ಎಷ್ಟು ತಿಳಿಯಲು ಇಷ್ಟ ಎಂದು ಅವರೇ ಆಕೆಯನ್ನು ಕೇಳುತ್ತಿದ್ದರು. ದಾರಿ ಗೊತ್ತಿದ್ದೂ ಸುಮ್ಮನಿದ್ದೆ.

ಡಾಕ್ಟರು ಆಕೆಯ ಮುಖ ನೋಡುತ್ತ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: ಚಿಕಿತ್ಸೆ ಇನ್ನು ನಾಟುವುದಿಲ್ಲ. ಉಳಿದಿರುವುದು ಕೆಲವೇ ದಿನ, ಹೆಚ್ಚೆಂದರೆ ಎರಡು ವಾರ. ನೋವಿನ ಔಷಧಿ ಮನೆಯಲ್ಲೂ ಕೊಡಬಹುದು. ಕರೆದುಕೊಂಡು ಹೋಗುವುದಿದ್ದರೆ ಎಚ್ಚರವಿರುವಾಗಲೇ, ಈಗಲೇ ಹೋಗಿ.

"ಕಾಯಿಲೆ ಸ್ವಲ್ಪ ಜೋರಾಗಿದ್ಯಂತಮ್ಮ. ನೋವಿಗೆ ಔಷಧಿ ಕೊಡ್ತಾರಂತೆ, ನೋಡೋಣ" ಎಂದೆ.

ತಾವು ಅಷ್ಟು ಹೇಳಿದ್ದು ಇಷ್ಟೇ ಆಯಿತೇ ಎಂದು ಡಾಕ್ಟರು ಕೇಳಿದರು. ಕನ್ನಡದಲ್ಲಿ ಚಿಕ್ಕದಾಗಿ ಹೇಳಬಹುದು ಎಂದುಬಿಟ್ಟೆ. ಎಲುಬಿಲ್ಲದ ನಾಲಿಗೆ.

ಆಕೆ ಸೆರಗು ಹಿಂಡುತ್ತ ನನ್ನ ಕಡೆ ತಿರುಗಿದರು. "ಮನೆಗೋಗ್ಬೇಕು ಅಂತ ಒಂದೇ ಸಮ ಅಟ ಇಡ್ದವ್ರೆ. ಕರ್ಕೊಂಡೋಗ್ಲಾ, ಇಲ್ಲೇ ಇರ್ಲಾ? ಡಾಕ್ಟ್ರನ್ನ ಕೇಳಮ್ಮ."

ಕೇಳಿದರೆ ನನ್ನ ಕಳ್ಳತನ ಬಯಲಾಗುತ್ತಿತ್ತು. "ಇಲ್ಲೇ ಇರ್ಲಿ ಬಿಡಿಯಮ್ಮ, ಚೆನ್ನಾಗಿ ನೋಡ್ಕೋತಾರೆ" ಎಂದೆ. ಏನು ಕೇಳಿದರು ಎಂದ ಡಾಕ್ಟರಿಗೆ, ನಿಮಗೆ ಥ್ಯಾಂಕ್ಸ್ ಹೇಳಿದರು ಎಂದೆ. ಆ ಹೊತ್ತಿಗೆ ನನ್ನನ್ನು ನಾನು ಕರುಣಾಮಯಿ ಎಂದುಕೊಂಡಿದ್ದೆ. ನಿಜಕ್ಕೂ ಆಕೆಯ ಕಣ್ಣೀರು ನನ್ನೆದುರು ಬೀಳುವುದು ನನಗೆ ಬೇಡವಾಗಿತ್ತು, ಅಷ್ಟೇ.

ನಾಲ್ಕನೇ ದಿನ ಆಕೆಯ ಗಂಡನಿಗೆ ಪ್ರಜ್ಞೆ ತಪ್ಪಿತು. ಆರನೇ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು.

ಕೆಲವು ದಿನಗಳ ನಂತರ ಆಕೆ ಕಾಗದಪತ್ರಕ್ಕೆಂದು ಬಂದರು. ಹೊರಗೆ ಸತ್ತವರನ್ನು ಹೊಸ್ತಿಲು ದಾಟಿಸುವ ಪದ್ಧತಿ ಅವರಲ್ಲಿ ಇಲ್ಲವಂತೆ. ಗಂಡ ತಾವೇ ನಿಂತು ಕಟ್ಟಿಸಿದ ಮನೆಯ ಅಂಗಳದಲ್ಲಿ ಅವರನ್ನು ಚಾಪೆಯ ಮೇಲೆ ಮಲಗಿಸಿ, ಅಲ್ಲಿಂದಲೇ ಎತ್ತಿದರಂತೆ. ಹೇಳುವಾಗ ಆಕೆ ಅಳಲಿಲ್ಲ. ನನ್ನ ಕೈ ಹಿಡಿದುಕೊಂಡರು.

"ಮನೆ ಒಳೀಕ್ಕೂ ಬರ್ನಿಲ್ಲ ನೋಡಮ್ಮ. ಪಾಪ, ಡಾಕ್ಟ್ರಿಗೂ ಗೊತ್ತಾಗ್ನಿಲ್ಲ. ಗೊತ್ತಿದ್ದಿದ್ರೆ ಏಳ್ತಿದ್ರು, ಅಲ್ವಾ?"

ಅಲ್ಲಿ ಡಾಕ್ಟರಿರಲಿಲ್ಲ, ಮೈದುನನೂ ಇರಲಿಲ್ಲ. ಭಾಷೆ ಬದಲಿಸುವ ಕೆಲಸವೂ ಇರಲಿಲ್ಲ.

"ಹೌದಮ್ಮ, ಹೇಳ್ತಿದ್ರು" ಎಂದೆ.