ಉಳಿದ ರಗ್ಗುಗಳ ಬೆಲೆ

ಹುಮನಾಬಾದಿನ ವ್ಯಾಪಾರಿಯೊಬ್ಬರೂ ಬಸವಕಲ್ಯಾಣದ ನಾನೂ ಆ ಚಳಿಗಾಲಕ್ಕೆ ಪಾಲಿನಲ್ಲಿ ರಗ್ಗು ತರಿಸಿದ್ದೆವು. ಬಂಡವಾಳ ಇಬ್ಬರದು, ಮಾರಾಟ ಅವರ ಅಂಗಡಿಯಲ್ಲಿ, ಲಾಭ ಸಮಪಾಲು. ಲೆಕ್ಕ ಮುಗಿಸಲು ಅವರ ಅಂಗಡಿಗೆ ಹೋದೆ.

“ಮಾರಿದ್ದರಾಗ ಅಸಲೂ ಹುಟ್ಟಿಲ್ರಿ ಸೇಠ್ರ. ಉಳಿದ ರಗ್ಗು ನಾನೇ ಇಟ್ಕೋತೀನಿ. ಅವಕ್ಕೇನ್ ಕಿಮ್ಮತ್ತು ಹಚ್ಚೋದು?” ಎಂದರು.

“ಹಂಗಾದ್ರ ನಾನೇ ಒಯ್ತೀನಿ, ಕೊಡ್ರಿ,” ಎಂದೆ.

ಆಗ ಅವರು ತಾವೇ ಒಂದು ಬೆಲೆ ಹೇಳಿದರು. ಒಪ್ಪಿದೆ. ಆ ಬೆಲೆಯನ್ನು ಮಾರಾಟದ ಹಣಕ್ಕೆ ಕೂಡಿಸಿದಾಗ ನಷ್ಟ ಅಳಿಸಿ ಲಾಭ ಕಂಡಿತು. ನನ್ನ ಅಸಲನ್ನೂ ಅರ್ಧ ಲಾಭವನ್ನೂ ಕೊಟ್ಟರು.

ಬಸ್ಸಿನಲ್ಲಿ ಚಳಿಯಾದೀತೆಂದು ಹೊರಡುವಾಗ ಒಂದು ರಗ್ಗು ಎತ್ತಿಕೊಂಡೆ. ಅದರ ದುಡ್ಡಿಗೆ ಅವರು ಕೈ ಚಾಚಿದರು. ಕೊಟ್ಟೆ. ತಪ್ಪೇನಿಲ್ಲ, ಈಗ ಅದು ಅವರ ಸರಕು.