ನರ್ಸಮ್ಮನ ಮನೆಗೆ ಬ್ಯಾಂಕಿನವರು

ಬ್ಯಾಂಕಿನ ಪಕ್ಕದ ಪುಟ್ಟ ಅಂಗಡಿಯಲ್ಲಿ ಕೂತು ಅರ್ಜಿ ಬರೆಯಲು ಶುರುಮಾಡಿ ನನಗೆ ಮೂವತ್ತು ವರ್ಷ. ಜನ ಬೈಗುಳ ಹೇಳುತ್ತಾರೆ, ನಾನು ‘ತಮ್ಮಲ್ಲಿ ವಿನಂತಿ’ ಎಂದು ಬರೆಯುತ್ತೇನೆ. ಹೊಟ್ಟೆಪಾಡು ಸ್ವಾಮಿ, ಇನ್ನೇನು!

ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾದವರು, ಒಂಟಿ ಜೀವ. ಮೊಣಕಾಲು ಮುರಿದು ಐದು ತಿಂಗಳಿಂದ ಮಂಚ ಹಿಡಿದಿದ್ದರು. ‘ಬದುಕಿದ್ದೇನೆ’ ಎಂದು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರ ಕೊಡಲಾಗದೆ ಪಿಂಚಣಿ ನಿಂತಿತ್ತು. ನನ್ನನ್ನು ಕರೆಸಿ, ತಾವೇ ಗೀಚಿದ ಕಾಗದ ಕೈಗಿಟ್ಟರು. ಅದರಲ್ಲಿ ಹೀಗಿತ್ತು:

“ಏನ್ರೀ ಮ್ಯಾನೇಜರೇ, ನಾನು ಸತ್ತೆ ಅಂತ ಯಾರು ಹೇಳಿದ್ರು ನಿಮಗೆ? ಬಂದು ಕಣ್ಣಾರೆ ನೋಡಿ. ಬೆಳಗ್ಗೆಯೇ ಬನ್ನಿ, ಕೂತು ಮಾತಾಡೋಕೆ ಟೈಮ್ ಇರುತ್ತೆ.”

“ಅಯ್ಯೋ ಅಮ್ಮಾ, ಮ್ಯಾನೇಜರಿಗೆ ಹೀಗೆಲ್ಲಾ ಬರೀತಾರಾ?”

“ಹೇಗಾದ್ರೂ ಬರೀರಿ. ದುಡ್ಡು ಇವತ್ತಲ್ಲ ನಾಳೆ ಬರುತ್ತೆ. ಒಬ್ರು ಮನೆಗೆ ಬರ್ಬೇಕು, ಅಷ್ಟೆ. ನನ್ನ ಮಾತು ನಾನೇ ಕೇಳಿ ಕೇಳಿ ಸಾಕಾಗಿದೆ.”

ನಾನು ಅಂಗಡಿಗೆ ಬಂದು ಅಚ್ಚುಕಟ್ಟಾಗಿ ಟೈಪು ಮಾಡಿದೆ:

‘ಗೆ, ಶಾಖಾ ವ್ಯವಸ್ಥಾಪಕರು. ಮಾನ್ಯರೇ, ವಿಷಯ: ಜೀವಿತ ಪ್ರಮಾಣಪತ್ರ ಸಲ್ಲಿಸುವ ಕುರಿತು. ತಮ್ಮ ಶಾಖೆಯ ಪಿಂಚಣಿದಾರಳಾದ ನಾನು, ಕಾಲಿನ ಮೂಳೆ ಮುರಿತದಿಂದಾಗಿ ಖುದ್ದಾಗಿ ಹಾಜರಾಗಲು ಅಶಕ್ತಳಾಗಿದ್ದೇನೆ. ಆದ್ದರಿಂದ ತಮ್ಮ ಸಿಬ್ಬಂದಿಯೊಬ್ಬರನ್ನು ನನ್ನ ಮನೆಗೆ ಕಳುಹಿಸಿಕೊಡಬೇಕಾಗಿ ವಿನಂತಿ.’

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಏನಾದರೂ ಬೇಡಿದ ಮೇಲೆ ಸ್ವಲ್ಪ ತಗ್ಗಿ ಮುಗಿಸುವುದು ನನ್ನ ಕೈಯ ಚಾಳಿ. ‘ತಮಗೆ ತೊಂದರೆಯಾಗುವುದಾದಲ್ಲಿ, ತಮಗೆ ಅನುಕೂಲವಾದ ಬೇರೆ ವಿಧಾನವಾದರೂ ಸರಿ’ ಎಂದು ಸೇರಿಸಿ, ಸಂಪರ್ಕಕ್ಕೆ ನನ್ನ ನಂಬರನ್ನೂ ಹಾಕಿದೆ. ನರ್ಸಮ್ಮ ನಂಬಿಕೆಯಿಂದ ಓದದೆಯೇ ಸಹಿ ಮಾಡಿದರು.

ನಾಲ್ಕನೇ ದಿನ ಬ್ಯಾಂಕಿನಿಂದ ಫೋನು ಬಂತು: ಹನ್ನೊಂದು ಗಂಟೆಗೆ ವಿಡಿಯೋ ಕರೆ, ಅಮ್ಮನವರ ಹತ್ತಿರ ಇರಿ. ಓಡಿದೆ. ಬ್ಯಾಂಕಿನವರು ಬರುತ್ತಾರೆಂದು ನರ್ಸಮ್ಮ ದಿನಾ ಬೆಳಗ್ಗೆ ಇಸ್ತ್ರಿ ಸೀರೆ ಉಟ್ಟು ಕೂರುತ್ತಿದ್ದರಂತೆ. ಮಂಚದ ಪಕ್ಕದಲ್ಲಿ ಎರಡು ಕುರ್ಚಿ ಹಾಕಿಸಿದ್ದರು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ಕಂಡು ಬಾಗಿಲ ಕಡೆಗೇ ನೋಡಿದರು.

ಫೋನಿನಲ್ಲಿ ಹುಡುಗಿಯೊಬ್ಬಳ ಮುಖ ಮೂಡಿತು. ಗುರುತಿನ ಚೀಟಿ ತೋರಿಸಿ, ಪಿಂಚಣಿ ಆದೇಶದ ನಂಬರ್ ಹೇಳಿ, ಕಣ್ಣು ಮಿಟುಕಿಸಿ ಎಂದಳು. ಮೂರು ನಿಮಿಷವೂ ಆಗಲಿಲ್ಲ.

“ಆಯ್ತು ಅಜ್ಜಿ! ಮುಂದಿನ ವರ್ಷಾನೂ ಹೀಗೇ ಮಾಡೋಣ. ಯಾರೂ ಮನೆಗೆ ಬರೋದೇ ಬೇಡ.”

“ಒಳ್ಳೇದಮ್ಮ” ಎಂದರು ನರ್ಸಮ್ಮ. ಕರೆ ಮುಗಿದ ಮೇಲೆ ನನ್ನ ಕಡೆ ತಿರುಗಿ, “ಏನು ಬರೆದಿದ್ರಿ ನೀವು?” ಎಂದರು.

ಕೊನೆಯ ಸಾಲು ಹೇಳಿದೆ.

“ನನ್ನ ಮನೆಗೆ ಬರೋದು ತೊಂದರೆ ಅಂತ ನಾನು ಹೇಳಿದ್ನಾ?” ಅವರ ಕಣ್ಣು ತುಂಬಿತ್ತು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, “ಇನ್ನೊಂದು ಅರ್ಜಿ ಬರೀರಿ, ಯಾರಾದ್ರೂ ಮನೆಗೆ ಬರೋ ಹಾಗೆ. ಈ ಸಲ ಮರ್ಯಾದೆ ಕಮ್ಮಿ ಇರ್ಲಿ” ಎಂದರು.

“ವಿಷಯ ಏನಂತ ಹಾಕ್ಲಿ ಅಮ್ಮಾ?”

“ಅದನ್ನೂ ನಾನೇ ಹೇಳ್ಬೇಕಾ? ಏನಾದ್ರೂ ಹುಡುಕ್ರೀ.”

ಕಾಗದ ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂವತ್ತು ವರ್ಷ ಅರ್ಜಿ ಬರೆದವನಿಗೆ ಒಂದು ವಿಷಯವೂ ಹೊಳೆಯಲಿಲ್ಲ.